ಫೆರೆಟ್ ಹಿಂಗಾಲು ಎಳೆಯುತ್ತಿದೆ, ಶುಗರ್ 58

"5 ವರ್ಷದ ಫೆರೆಟ್. ನಿದ್ದೆಯಿಂದ ಎದ್ದಾಗ ಹಿಂಗಾಲು ಎಳೆಯುತ್ತೆ, ಜೊಲ್ಲು ಸುರಿಸಿ ಬಾಯಿ ಕೆರೆದುಕೊಳ್ಳುತ್ತೆ, ತಿಂದ ಮೇಲೆ ಸರಿಹೋಗುತ್ತೆ. ನಮ್ಮ ಗ್ಲೂಕೋಮೀಟರ್‌ನಲ್ಲಿ 58 ಬಂತು. ಬೆನ್ನುಮೂಳೆಯ ತೊಂದರೆಯಾ?"

ಹೆಚ್ಚಾಗಿ ಇನ್ಸುಲಿನೋಮ, ಅಂದರೆ ಮೇದೋಜೀರಕದ ಗಡ್ಡೆ ಇನ್ಸುಲಿನ್ ಸುರಿಸಿ ಸಕ್ಕರೆ ಇಳಿಸುತ್ತಿದೆ. ತಿಂದರೆ ಸರಿಹೋಗುವುದೇ ದೊಡ್ಡ ಸುಳಿವು. ಬೆನ್ನಿನ ತೊಂದರೆ ಹಾಗೆ ಮಾಯವಾಗದು. ಆದರೆ ಮನುಷ್ಯರ ಮೀಟರ್ ಫೆರೆಟ್ ರಕ್ತದಲ್ಲಿ ಕಡಿಮೆ ತೋರಿಸುತ್ತದೆ, 58 ಒಂದನ್ನೇ ನಂಬಬೇಡಿ.

ಮತ್ತೆ ಹಾಗಾದರೆ ಹತ್ತಿಕಡ್ಡಿಯಿಂದ ಒಸಡಿಗೆ ಸ್ವಲ್ಪ ಜೇನು ಸವರಿ. ಫಿಟ್ಸ್ ಬಂದಿದ್ದರೆ ಬೆರಳು ಬಾಯಿಗೆ ಹಾಕಬೇಡಿ, ಕಚ್ಚಿ ಹಿಡಿಯುತ್ತದೆ. ಎಚ್ಚರವಾದ ತಕ್ಷಣ ಮಾಂಸದ ಆಹಾರ ಕೊಡಿ. ಬರೀ ಜೇನಿಗೆ ನಿಲ್ಲಿಸಿದರೆ ಇನ್ಸುಲಿನ್ ಮತ್ತೆ ಏರಿ ಸಕ್ಕರೆ ಇನ್ನೂ ಕುಸಿಯುತ್ತದೆ. ಫಿಟ್ಸ್ ನಿಲ್ಲದಿದ್ದರೆ ನೇರ ಆಸ್ಪತ್ರೆಗೆ.

ನಾಳೆಯೇ ವೈದ್ಯರಲ್ಲಿ, ಅವರ ಕಣ್ಗಾವಲಿನಲ್ಲಿ 3–4 ಗಂಟೆ ಮಾತ್ರ ಹಸಿವಿಟ್ಟು ಲ್ಯಾಬ್ ಪರೀಕ್ಷೆ ಮಾಡಿಸಿ. ಲಕ್ಷಣದ ಜೊತೆ 60ಕ್ಕಿಂತ ಕಡಿಮೆ ಬಂದರೆ ಅನುಮಾನ ಬಹುತೇಕ ಗಟ್ಟಿ. ಸಾಮಾನ್ಯವಾಗಿ ಪ್ರೆಡ್ನಿಸೊಲೋನ್ ಕಡಿಮೆ ಡೋಸಿನಲ್ಲಿ ದಿನಕ್ಕೆರಡು ಸಲ ಶುರುಮಾಡಿ ಏರಿಸುತ್ತಾರೆ, ಸಾಲದಿದ್ದರೆ ಡಯಾಜೊಕ್ಸೈಡ್ ಸೇರಿಸುತ್ತಾರೆ. ಇವು ಲಕ್ಷಣ ತಡೆಯುತ್ತವೆ, ಗಡ್ಡೆ ಕರಗಿಸುವುದಿಲ್ಲ. ಶಸ್ತ್ರಚಿಕಿತ್ಸೆ ಆಗುತ್ತದಾ ಎಂದೂ ಕೇಳಿ. ಪ್ರೆಡ್ನಿಸೊಲೋನ್ ಮಾತ್ರ ಥಟ್ಟನೆ ನಿಲ್ಲಿಸಬೇಡಿ. ರಾತ್ರಿಯೂ ಬಟ್ಟಲಿನಲ್ಲಿ ಆಹಾರ ಇರಲಿ.