ಶುಗರ್ ಇಳಿದಾಗ ಜೇಬಲ್ಲಿ ಏನಿರಬೇಕು?

"ಅಪ್ಪ ಇನ್ಸುಲಿನ್ ಜೊತೆ ಮಾತ್ರೆಯನ್ನೂ ತಗೋತಾರೆ. ಬಸ್ಸಲ್ಲಿ ಬೆವರಿ ಕೈ ನಡುಗಿತು, ಚಾಕೊಲೇಟ್ ಕೊಟ್ಟರೂ ಬೇಗ ಸರಿಹೋಗಲಿಲ್ಲ. ಏನು ಇಟ್ಕೋಬೇಕು?"

ಚಾಕೊಲೇಟಿನಲ್ಲಿರುವ ಕೊಬ್ಬೇ ಕಾರಣ ಇರಬೇಕು. ಕೊಬ್ಬಿದ್ದರೆ ಸಕ್ಕರೆ ರಕ್ತಕ್ಕೆ ಸೇರೋದು ನಿಧಾನ. ಕ್ರೀಮ್ ಬಿಸ್ಕತ್ತು, ಮೈಸೂರು ಪಾಕೂ ಹಾಗೇ.

ಮೊದಲು ಮಾತ್ರೆಯ ಹೆಸರು ನೋಡಿ. ನೀವು ಬರೆದಿಲ್ಲ, ಹಾಗಾಗಿ ಖಚಿತವಾಗಿ ಹೇಳಲಾರೆ. ಅದರಲ್ಲಿ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಇದ್ದರೆ ಮನೆಯ ಸಕ್ಕರೆ, ಬೆಲ್ಲವೂ ಬೇಗ ಕೆಲಸ ಮಾಡಲ್ಲ, ಯಾಕೆಂದರೆ ಸಕ್ಕರೆ ಒಡೆಯುವುದನ್ನೇ ಆ ಮಾತ್ರೆ ತಡೆಯುತ್ತದೆ. ಆಗ ಗ್ಲೂಕೋಸ್ ಪುಡಿಯೇ ಬೇಕು. ಅದಕ್ಕೇ ನಮ್ಮಮ್ಮನ ಚೀಲದಲ್ಲಿ ನಾನು ಯಾವಾಗಲೂ ಗ್ಲೂಕೋಸನ್ನೇ ಇಡ್ತೀನಿ. 15 ಗ್ರಾಂ, ಅಂದರೆ ಸುಮಾರು ಮೂರು ಟೀ ಚಮಚ, ಒಂದೊಂದು ಪುಟ್ಟ ಡಬ್ಬಿಗೆ. ಜೊತೆಗೆ ಸಣ್ಣ ನೀರಿನ ಬಾಟಲಿ. ನಡುಗುವ ಕೈಯಲ್ಲಿ ಅಳೆಯೋಕೆ ಆಗಲ್ಲ, ಅಲ್ವಾ? ಅಂಥ ಎರಡು ಡಬ್ಬಿ ಇರಲಿ. ಆ ಮಾತ್ರೆ ಇಲ್ಲದಿದ್ದರೆ ಸಕ್ಕರೆ ಅಥವಾ 150 ಮಿ.ಲೀ. ಹಣ್ಣಿನ ಜ್ಯೂಸೂ ಆದೀತು. ಶುಗರ್‌ಫ್ರೀ ಪಾನೀಯ ಬೇಡ.

ಬೆವರು, ನಡುಕ ಶುರುವಾದ ಕೂಡಲೇ ಕೂರಿಸಿ, ಮೀಟರ್ ಇದ್ದರೆ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಒಂದು ಡಬ್ಬಿ ನೀರಿಗೆ ಕಲಸಿ ಕುಡಿಸಿ. ಮೀಟರ್ ಇಲ್ಲದಿದ್ದರೆ ಕಾಯಬೇಡಿ, ಕೊಟ್ಟುಬಿಡಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಎರಡನೇ ಡಬ್ಬಿ. ಏರಿದ ಮೇಲೆ, ಊಟ ತಡ ಅಂದರೆ ಬಾಳೆಹಣ್ಣೋ ಬಿಸ್ಕತ್ತೋ ಕೊಡಿ.

ಮಾತ್ರೆಯಲ್ಲಿ ಗ್ಲಿಮೆಪಿರೈಡ್ ಇದ್ದರೆ ಶುಗರ್ ಗಂಟೆಗಳ ನಂತರ ಮತ್ತೆ ಇಳಿಯಬಹುದು, ಅವತ್ತು ಒಬ್ಬರನ್ನೇ ಬಿಡಬೇಡಿ. ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕದೆ ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಶುಗರ್ ಎರಡನೇ ಸಲ ಹೀಗೆ ಇಳಿದರೆ ಡೋಸ್ ಬಗ್ಗೆ ಡಾಕ್ಟರ್ ಹತ್ತಿರ ಆ ವಾರವೇ ಕೇಳಿ.