ಮಳೆಗಾಲದಲ್ಲಿ ನಿಂಬೆ ಉಪ್ಪಿನಕಾಯಿ: ಉಪ್ಪು, ಎಣ್ಣೆ, ಬಿಸಿಲಿನ ಲೆಕ್ಕ

"ನಿಂಬೆಹಣ್ಣಿನ ದಿಢೀರ್ ಉಪ್ಪಿನಕಾಯಿ ಮಾಡಬೇಕು. ನಮ್ಮದು ಅಪಾರ್ಟ್‌ಮೆಂಟ್, ಬಿಸಿಲೇ ಬರಲ್ಲ. ಹೋದ ಸಲ ಕಹಿಯಾಯ್ತು, ಆಮೇಲೆ ಬೂಷ್ಟು ಬಂತು. ಉಪ್ಪು, ಎಣ್ಣೆ ಎಷ್ಟು ಹಾಕಬೇಕು?"

ಬಿಸಿಲು ಇಲ್ಲದೆ ಧಾರಾಳವಾಗಿ ಆಗುತ್ತೆ. ಬಿಸಿಲು ಮಾಡುವುದು ಎರಡೇ ಕೆಲಸ. ನೀರಿನಂಶ ಆರಿಸುತ್ತೆ, ಸಿಪ್ಪೆ ಮೆತ್ತಗೆ ಮಾಡುತ್ತೆ. ಸಿಪ್ಪೆಯನ್ನು ನಾವು ಹಬೆಯಲ್ಲಿ ಮೆತ್ತಗೆ ಮಾಡಿಕೊಳ್ಳಬಹುದು. ನೀರು ಆರದ ಕೊರತೆಯನ್ನು ಉಪ್ಪು ಮತ್ತು ಫ್ರಿಜ್ ತುಂಬಿಕೊಡುತ್ತವೆ.

ಹನ್ನೆರಡು ಹದವಾದ ನಿಂಬೆಹಣ್ಣು ತಗೊಳ್ಳಿ, ಸುಮಾರು ಅರ್ಧ ಕೆಜಿ ಬರುತ್ತೆ. ಸಿಪ್ಪೆ ತೆಳ್ಳಗಿದ್ದು, ನುಣ್ಣಗೆ ಹಳದಿಯಾಗಿರಲಿ. ದಪ್ಪ ಸಿಪ್ಪೆಯ ಹಣ್ಣಿನಲ್ಲಿ ಒಳಗಿನ ಬಿಳಿ ಭಾಗ ಜಾಸ್ತಿ, ಕಹಿ ಇರೋದೇ ಅಲ್ಲಿ. ತೊಳೆದ ಹಣ್ಣನ್ನು ಇಡಿಯಾಗಿಯೇ ಇಡ್ಲಿ ಪಾತ್ರೆಯಲ್ಲಿ ಎಂಟು ಹತ್ತು ನಿಮಿಷ ಹಬೆಯಲ್ಲಿಡಿ. ಸಿಪ್ಪೆಯ ಹೊಳಪು ಹೋಗಿ ಬಣ್ಣ ಮಂಕಾಗಬೇಕು, ಬೆರಳಲ್ಲಿ ಒತ್ತಿದರೆ ತಗ್ಗಬೇಕು. ಒಡೆಯುವಷ್ಟು ಬೇಯಿಸಬೇಡಿ. ಕುಕ್ಕರಿನಲ್ಲಿ ಸೀಟಿ ಕೂಗಿಸಿದರೆ ಸಿಪ್ಪೆ ಕರಗಿ ಕಹಿ ರಸಕ್ಕೆಲ್ಲ ಇಳಿಯುತ್ತೆ.

ಆಮೇಲಿನ ಹೆಜ್ಜೆಯಲ್ಲೇ ಬಹಳ ಜನ ಅವಸರ ಮಾಡುತ್ತಾರೆ. ಒಂದೊಂದೇ ಹಣ್ಣನ್ನು ಒಣ ಬಟ್ಟೆಯಲ್ಲಿ ಒರೆಸಿ, ಫ್ಯಾನಿನ ಕೆಳಗೆ ಒಂದು ಗಂಟೆ ಆರಲು ಬಿಡಿ. ತೊಟ್ಟಿನ ಗುಳಿಯಲ್ಲಿ ನೀರು ನಿಂತಿರುತ್ತೆ, ಅಲ್ಲೂ ಒತ್ತಿ ಒರೆಸಿ. ಚಾಕು, ಮಣೆ, ಪಾತ್ರೆ ಎಲ್ಲ ಒಣಗಿರಲಿ. ಹಣ್ಣನ್ನು ಎಂಟು ಹೋಳು ಮಾಡಿ ಬೀಜ ಒಂದೂ ಬಿಡದೆ ತೆಗೆಯಿರಿ. ಬೀಜವೂ ಕಹಿ.

ಈಗ ಉಪ್ಪು. ಅರ್ಧ ಕೆಜಿ ಹಣ್ಣಿಗೆ 75 ಗ್ರಾಂ, ಫ್ರಿಜ್‌ನಲ್ಲಿಟ್ಟು ಎರಡು ಮೂರು ವಾರದಲ್ಲಿ ಮುಗಿಸುವುದಾದರೆ. ತಿಂಗಳುಗಟ್ಟಲೆ ಹೊರಗೆ ಇಡಬೇಕೆಂದರೆ 100ರಿಂದ 125 ಗ್ರಾಂ ಬೇಕೇ ಬೇಕು. ಚಮಚದಲ್ಲಿ ಅಳೆಯಬೇಡಿ, ತೂಕ ಮಾಡಿ. ಒಂದು ಚಮಚ ಪುಡಿ ಉಪ್ಪಿನ ತೂಕವೇ ಬೇರೆ, ಒಂದು ಚಮಚ ಕಲ್ಲುಪ್ಪಿನ ತೂಕವೇ ಬೇರೆ. ನಾನು ಕಲ್ಲುಪ್ಪನ್ನು ಬಾಣಲೆಯಲ್ಲಿ ಬೆಚ್ಚಗೆ ಹುರಿದು, ಆರಿಸಿ ಪುಡಿ ಮಾಡುತ್ತೇನೆ. ಮಳೆಗಾಲದಲ್ಲಿ ಉಪ್ಪೂ ನೀರು ಎಳೆದುಕೊಂಡಿರುತ್ತೆ ಅಲ್ವಾ.

ನಮ್ಮ ತಂದೆಗೆ ಬಿಪಿ ಅಂತ ಒಂದು ವರ್ಷ ಉಪ್ಪು ಅರ್ಧಕ್ಕೆ ಇಳಿಸಿದ್ದೆ, ಜಾಡಿ ಹೊರಗೇ ಇಟ್ಟಿದ್ದೆ. ಎಂಟನೇ ದಿನ ಮುಚ್ಚಳ ತೆಗೆದರೆ ಮೇಲೆ ಬಿಳಿ ಹತ್ತಿಯಂಥ ಬೂಷ್ಟು. ಪೂರ್ತಿ ಎಸೆದೆ, ಹೊಟ್ಟೆ ಉರಿಯಿತು. ಈಗ ಉಪ್ಪು ಸರಿಯಾಗಿಯೇ ಹಾಕುತ್ತೇನೆ, ಅವರಿಗೆ ಬಡಿಸುವುದು ಒಂದೇ ಸಣ್ಣ ಹೋಳು.

ಉಪ್ಪು, ಅರ್ಧ ಚಮಚ ಅರಿಶಿನ, ಇನ್ನೆರಡು ಹಣ್ಣಿನ ರಸ ಸೇರಿಸಿ ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆ ರಸ ಬಿಟ್ಟಿರುತ್ತೆ. ಆಗ ಮೂರು ದೊಡ್ಡ ಚಮಚ ಖಾರದ ಪುಡಿ, ಹುರಿದು ಪುಡಿ ಮಾಡಿದ ಒಂದು ಚಮಚ ಸಾಸಿವೆ, ಅರ್ಧ ಚಮಚ ಮೆಂತ್ಯ ಹಾಕಿ. ಮೆಂತ್ಯ ಕೆಂಪಗೆ ಹುರಿಯಬೇಕು, ಕಪ್ಪಗಲ್ಲ. ನಿಮ್ಮದು ಕಹಿಯಾಗಿದ್ದಕ್ಕೆ ಮೆಂತ್ಯ ಜಾಸ್ತಿಯಾಗಿದ್ದೋ ಸೀದಿದ್ದೋ ಕಾರಣ ಇರಬಹುದು.

ನಿಂಬೆಗೆ ಎಣ್ಣೆ ಕಡ್ಡಾಯ ಅಲ್ಲ. ಅದರ ಹುಳಿ, ಉಪ್ಪು ಸೇರಿಯೇ ಕಾಯುತ್ತವೆ, ನಮ್ಮ ಕಡೆ ಎಣ್ಣೆಯಿಲ್ಲದೆ ಹಾಕುವ ಮನೆಗಳು ಎಷ್ಟೋ. ರುಚಿಗೆ ಬೇಕೆಂದರೆ ನಾಲ್ಕು ದೊಡ್ಡ ಚಮಚ ಎಳ್ಳೆಣ್ಣೆ ಚೆನ್ನಾಗಿ ಕಾಯಿಸಿ, ಒಲೆ ಆರಿಸಿ ಸಾಸಿವೆ, ಇಂಗು ಹಾಕಿ. ಪೂರ್ತಿ ತಣ್ಣಗಾದ ಮೇಲೇ ಸುರಿಯಿರಿ. ಬಿಸಿ ಎಣ್ಣೆಗೆ ಖಾರದ ಪುಡಿ ಕಪ್ಪಾಗುತ್ತೆ.

ಮಾವಿನಕಾಯಿಯಾದರೆ ಲೆಕ್ಕ ಬೇರೆ. ಗಿಣಿಮೂತಿಯಂಥ ಕಾಯಲ್ಲಿ ನಿಂಬೆಯಷ್ಟು ಹುಳಿ ಇರಲ್ಲ. ಹಾಗಾಗಿ ಅರ್ಧ ಕೆಜಿ ಸಣ್ಣ ಹೋಳಿಗೆ ಅದೇ 75 ಗ್ರಾಂ ಉಪ್ಪು, ಎಣ್ಣೆ ಮಾತ್ರ ಮುಕ್ಕಾಲು ಲೋಟ. ಹಬೆ ಬೇಡ. ಫ್ರಿಜ್‌ನಲ್ಲಿಟ್ಟು ಹತ್ತು ದಿನದಲ್ಲಿ ಮುಗಿಸಿ.

ಮೊದಲ ದಿನ ನಿಂಬೆಯ ರಸ ನೆಕ್ಕಿದರೆ ಉಪ್ಪು ಜಾಸ್ತಿಯಾಯ್ತೇನೋ ಅನ್ನಿಸಬೇಕು. ಮೂರು ದಿನದಲ್ಲಿ ಉಪ್ಪು ಸಿಪ್ಪೆಯೊಳಗೆ ಇಳಿದು ಹದಕ್ಕೆ ಬರುತ್ತೆ. ಹೋಳು ರಸದ ಮೇಲೆ ಎದ್ದಿದ್ದರೆ ಒಂದು ಹಣ್ಣಿನ ರಸ ಹಿಂಡಿ, ದಿನಕ್ಕೊಮ್ಮೆ ಒಣ ಚಮಚದಲ್ಲಿ ತಿರುವಿ. ಬಿಳಿ ಕಂಡ ತಕ್ಷಣ ಗಾಬರಿ ಬೇಡ. ಬೆರಳಿಗೆ ಹರಳುಹರಳಾಗಿ ಸಿಕ್ಕಿ, ನೀರಲ್ಲಿ ಕರಗಿದರೆ ಅದು ಉಪ್ಪು. ರೋಮ ರೋಮವಾಗಿದ್ದರೆ ಬೂಷ್ಟು. ಆಗ ಮೇಲಿನದು ಮಾತ್ರ ತೆಗೆದು ತಿನ್ನಬೇಡಿ, ಜಾಡಿಯಲ್ಲಿರೋದೆಲ್ಲ ಎಸೆಯಿರಿ.