ವಿಕ್ಸ್ ಏರಿದಾಗ ಕಾಲ್ ಕೊಳ್ಳುವುದು: ದಿಕ್ಕು ಸರಿಯಿದ್ದರೂ ನಷ್ಟವಾಗುವ ಬಗೆ

ಪ್ರಶ್ನೆ: ವಿಕ್ಸ್ 40ರ ಹತ್ತಿರ ಬಂದಿದೆ, ಪುಟ್-ಕಾಲ್ ಅನುಪಾತ, ಅಂದರೆ ಪಿಸಿಆರ್, 1.2 ದಾಟಿದೆ. ಎಲ್ಲರೂ ಹೆದರಿರುವಾಗಲೇ ಮಾರುಕಟ್ಟೆ ತಳ ಮುಟ್ಟುತ್ತದೆ ಅಂತಾರೆ. ಈಗ ಸೂಚ್ಯಂಕದ ಕಾಲ್ ಆಪ್ಷನ್ ತೆಗೆದುಕೊಳ್ಳಬಹುದಾ? ಇವೆರಡರಲ್ಲಿ ಯಾವುದನ್ನು ಹೆಚ್ಚು ನಂಬಬೇಕು?

ಇದೇ ಎರಡು ಸಂಖ್ಯೆಗಳನ್ನು ಮುಂದಿಟ್ಟುಕೊಂಡು, ಇದೇ ತರ್ಕವನ್ನು ನಂಬಿ, ನಾನೂ ಒಮ್ಮೆ ಕಾಲ್ ಆಪ್ಷನ್, ಅಂದರೆ ಸೂಚ್ಯಂಕ ಏರಿದರೆ ಲಾಭ ಕೊಡುವ ಕರಾರು, ಕೊಂಡಿದ್ದೆ. ಸೂಚ್ಯಂಕ ನಾನು ಎಣಿಸಿದಂತೆಯೇ ಮೇಲಕ್ಕೆ ಹೋಯಿತು. ಆದರೂ ಹಾಕಿದ ಹಣದಲ್ಲಿ ಸುಮಾರು ಕಾಲು ಭಾಗ ಕಳೆದುಕೊಂಡು ಹೊರಬಂದೆ. ದಿಕ್ಕನ್ನು ಸರಿಯಾಗಿ ಊಹಿಸಿಯೂ ನಷ್ಟ ಹೇಗಾಯಿತು ಎಂಬುದು ಅರ್ಥವಾಗಲು ನನಗೆ ಬಹಳ ಕಾಲ ಹಿಡಿಯಿತು. ನಿಮ್ಮ ಪ್ರಶ್ನೆಯಲ್ಲಿಯೂ ಅದೇ ಕುಣಿಕೆ ಇರುವುದರಿಂದ ಮೊದಲು ಅದನ್ನೇ ಬಿಡಿಸಿ ಹೇಳುತ್ತೇನೆ.

ಅಂದು ನಾನು ವಿಕ್ಸ್ ಸಂಖ್ಯೆಯನ್ನು ಭಯದ ಮಟ್ಟವೆಂದು ಓದಿದ್ದೆ. ನಿಜದಲ್ಲಿ ಅದು ಒಂದು ಬೆಲೆ. ಎಸ್ ಆ್ಯಂಡ್ ಪಿ 500 ಸೂಚ್ಯಂಕದ ಮೇಲೆ ನಡೆಯುವ, ಇಳಿಕೆಯಲ್ಲಿ ಲಾಭ ಕೊಡುವ ಪುಟ್ ಮತ್ತು ಏರಿಕೆಯಲ್ಲಿ ಲಾಭ ಕೊಡುವ ಕಾಲ್ ಆಪ್ಷನ್‌ಗಳ ದರಗಳನ್ನು ಒಟ್ಟುಗೂಡಿಸಿ, ಮುಂದಿನ 30 ದಿನಗಳಲ್ಲಿ ಸೂಚ್ಯಂಕ ಎಷ್ಟು ಅಲುಗಾಡಬಹುದೆಂದು ಆ ದರಗಳು ಸೂಚಿಸುತ್ತವೆಯೋ ಅದನ್ನು ವಾರ್ಷಿಕ ಶೇಕಡಾವಾರು ರೂಪದಲ್ಲಿ ಹೇಳುವುದೇ ವಿಕ್ಸ್. ಷಿಕಾಗೊದ ಆಪ್ಷನ್ ವಿನಿಮಯ ಕೇಂದ್ರ ಇದನ್ನು 1993ರಲ್ಲಿ ಆರಂಭಿಸಿತು, 2003ರಲ್ಲಿ ಲೆಕ್ಕದ ವಿಧಾನವನ್ನು ಬದಲಿಸಿತು. ವಿಕ್ಸ್ 40 ಎಂದರೆ, ಅದನ್ನು 12ರ ವರ್ಗಮೂಲದಿಂದ ಭಾಗಿಸಿದಾಗ, ಒಂದು ತಿಂಗಳಿಗೆ ಸರಿಸುಮಾರು ಶೇ 11.5ರಷ್ಟು ಚಲನೆಯನ್ನು ಆಪ್ಷನ್ ಮಾರುಕಟ್ಟೆ ಸಹಜವೆಂದು ಎಣಿಸುತ್ತಿದೆ ಎಂದು ಅರ್ಥ. ಆ ಚಲನೆ ಮೇಲಕ್ಕೋ ಕೆಳಕ್ಕೋ ಎಂಬುದು ಆ ಸಂಖ್ಯೆಯಲ್ಲಿ ಇರುವುದಿಲ್ಲ. ಸೂಚ್ಯಂಕ ಬೀಳುವಾಗ ಹೂಡಿಕೆದಾರರು ರಕ್ಷಣೆಗಾಗಿ ಪುಟ್ ಕೊಳ್ಳಲು ಮುಗಿಬೀಳುವುದರಿಂದ ವಿಕ್ಸ್ ಏರುತ್ತದೆ, ಅದರಿಂದಾಗಿ ಭಯದ ಅಳತೆ ಎಂಬ ಹೆಸರು ಅದಕ್ಕೆ ಅಂಟಿಕೊಂಡಿದೆ. ವಿಮೆಯ ಕಂತು ಏರಿದೆ ಎಂದ ಮಾತ್ರಕ್ಕೆ ಅನಾಹುತ ಮುಗಿಯಿತು ಎಂದು ಯಾರೂ ಹೇಳುವುದಿಲ್ಲವಲ್ಲ, ಇಲ್ಲಿಯೂ ಹಾಗೆಯೇ.

ಈಗ ನನ್ನ ವ್ಯವಹಾರಕ್ಕೆ ಬರೋಣ. ಸೂಚ್ಯಂಕವನ್ನು 100 ಎಂದಿಟ್ಟುಕೊಳ್ಳಿ. ನಾನು ಕೊಂಡದ್ದು 100ರ ನಿಗದಿತ ಬೆಲೆಯ, ಅಂದರೆ 100ರ ಸ್ಟ್ರೈಕ್‌ನ ಕಾಲ್, ಎಕ್ಸ್‌ಪೈರಿಗೆ 30 ದಿನ, ಆ ಆಪ್ಷನ್‌ನ ಐವಿ, ಅಂದರೆ ಅದರ ಬೆಲೆಯಲ್ಲಿ ಅಡಗಿರುವ ಏರಿಳಿತದ ನಿರೀಕ್ಷೆ, ಶೇ 40. ಬಡ್ಡಿಯನ್ನು ಬದಿಗಿಟ್ಟರೆ ಅದರ ಪ್ರೀಮಿಯಂ, ಅಂದರೆ ಕೊಳ್ಳಲು ಕೊಡುವ ಬೆಲೆ, ಸುಮಾರು 4.6 ಆಗುತ್ತದೆ. ಹತ್ತು ದಿನಗಳ ನಂತರ ಸೂಚ್ಯಂಕ 102ಕ್ಕೆ ಏರಿತು. ಗಾಬರಿ ಇಳಿದಂತೆ ಐವಿಯೂ ಶೇ 24ಕ್ಕೆ ಇಳಿಯಿತು. ಆಗ ಅದೇ ಕಾಲ್‌ನ ಬೆಲೆ ಸುಮಾರು 3.4. ಐವಿ ಶೇ 40ರಲ್ಲಿಯೇ ನಿಂತಿದ್ದರೆ ಬೆಲೆ 4.9ರ ಹತ್ತಿರ ಇರುತ್ತಿತ್ತು, ಅಂದರೆ ಹತ್ತು ದಿನಗಳ ಸವಕಳಿಯನ್ನು ನುಂಗಿಕೊಂಡೂ ಸಣ್ಣ ಲಾಭ ಉಳಿಯುತ್ತಿತ್ತು. ಆ ಲಾಭವನ್ನೂ ಅದರ ಮೇಲೆ ನನ್ನ ಅಸಲಿನ ಒಂದು ಪಾಲನ್ನೂ ತಿಂದದ್ದು ಐವಿಯ ಕುಸಿತವೊಂದೇ.

ಈ ತಪ್ಪಿನ ತಿರುಳನ್ನು ಇನ್ನೂ ಸ್ವಲ್ಪ ಬಿಡಿಸಬೇಕು, ಏಕೆಂದರೆ ನಷ್ಟವಾದ ಮೇಲೂ ನಾನು ಬಹುಕಾಲ ಇದನ್ನು ದುರದೃಷ್ಟವೆಂದೇ ತಿಳಿದಿದ್ದೆ. ವಿಕ್ಸ್ ಎತ್ತರದಲ್ಲಿದೆ, ಆದ್ದರಿಂದ ಭಯ ಕರಗಿ ಮಾರುಕಟ್ಟೆ ಏರುತ್ತದೆ ಎಂಬುದು ನನ್ನ ವಾದವಾಗಿತ್ತು. ಭಯ ಕರಗುವುದು ಎಂದರೆ ವಿಕ್ಸ್ ಇಳಿಯುವುದು. ವಿಕ್ಸ್ ಇಳಿಯುವುದು ಎಂದರೆ ಆಪ್ಷನ್‌ಗಳು ಅಗ್ಗವಾಗುವುದು. ಹಾಗಾದರೆ ನನ್ನ ವಾದ ನಿಜವಾಗುವ ಕ್ಷಣದಲ್ಲಿಯೇ ನನ್ನ ಕೈಯಲ್ಲಿರುವ ಸರಕಿನ ಬೆಲೆ ಕುಸಿಯಬೇಕು, ಅದು ವಾದದೊಳಗೇ ಅಡಕವಾಗಿತ್ತು. ನಾನು ಸೂಚ್ಯಂಕದ ಏರಿಕೆಯ ಮೇಲೆ ಮಾತ್ರ ಪಣ ಕಟ್ಟಿದ್ದೇನೆ ಎಂದುಕೊಂಡಿದ್ದೆ. ಆದರೆ ಕಾಲ್ ಕೊಂಡವನು ಏರಿಳಿತವನ್ನೂ ಕೊಂಡಿರುತ್ತಾನೆ, ಮತ್ತು ನಾನು ಅದನ್ನು ಅತ್ಯಂತ ದುಬಾರಿಯಾದ ಹೊತ್ತಿನಲ್ಲಿ ಕೊಂಡಿದ್ದೆ. ಸೂಚ್ಯಂಕ ಎರಡು ದಿನಗಳಲ್ಲಿ ಶೇ 6–7ರಷ್ಟು ಜಿಗಿದಿದ್ದರೆ ಲಾಭವಾಗುತ್ತಿತ್ತು, ನಿಜ. ಆದರೆ ಶೇ 40ರ ಐವಿಗೆ ಹಣ ಕೊಟ್ಟವನಿಗೆ ಅಂಥ ಜಿಗಿತವೇ ಬೇಕಾಗುತ್ತದೆ, ಸಾಧಾರಣ ಏರಿಕೆ ಸಾಕಾಗುವುದಿಲ್ಲ.

ನೀವು ತಳದ ಬಗ್ಗೆ ಕೇಳಿದ್ದೀರಿ. ಆ ವಿಷಯದಲ್ಲಿ 2008ರ ದಾಖಲೆಯಷ್ಟು ಸ್ಪಷ್ಟವಾಗಿ ಹೇಳುವಂಥದ್ದು ನನಗೆ ಬೇರೊಂದು ಸಿಕ್ಕಿಲ್ಲ. 2008ರ ಸೆಪ್ಟೆಂಬರ್ 29ರಂದು ವಿಕ್ಸ್ 46.72ರಲ್ಲಿ ಮುಕ್ತಾಯವಾಯಿತು, ಎಸ್ ಆ್ಯಂಡ್ ಪಿ 500 ಅಂದು 1,106ರಲ್ಲಿತ್ತು. ಹತ್ತು ವರ್ಷಗಳ ಅನುಭವ ಇದ್ದವರಿಗೂ ಅದು ಭಯದ ತುತ್ತತುದಿಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಅಕ್ಟೋಬರ್ 10ರ ಹೊತ್ತಿಗೆ ವಿಕ್ಸ್ 70ನ್ನು ಸಮೀಪಿಸಿತು, ಸೂಚ್ಯಂಕ 900ಕ್ಕಿಂತ ಕೆಳಗಿಳಿಯಿತು. ನವೆಂಬರ್ 20ರಂದು ವಿಕ್ಸ್ 80.86ಕ್ಕೆ ಏರಿತು, ಸೂಚ್ಯಂಕ 752ಕ್ಕೆ ಬಂತು. ನಿಜವಾದ ತಳ ಬಂದದ್ದು 2009ರ ಮಾರ್ಚ್ 9ರಂದು, 676ರಲ್ಲಿ. ಆ ದಿನದ ವಿಕ್ಸ್ 50ಕ್ಕಿಂತಲೂ ಕೆಳಗಿತ್ತು. 40ರ ಕೊನೆಯಲ್ಲಿರುವ ಒಂದೇ ಬಗೆಯ ಸಂಖ್ಯೆ ಒಮ್ಮೆ ಇನ್ನೂ ಶೇ 39ರ ಕುಸಿತ ಬಾಕಿಯಿದ್ದಾಗಲೂ ಕಾಣಿಸಿಕೊಂಡಿತು, ಮತ್ತೊಮ್ಮೆ ಕುಸಿತ ಮುಗಿದ ದಿನವೂ ಕಾಣಿಸಿಕೊಂಡಿತು. ಮಾರ್ಚ್‌ನಲ್ಲಿ ಬೆಲೆ ಕೆಳಗಿದ್ದರೂ ದಿನನಿತ್ಯದ ಹೊಯ್ದಾಟ ನವೆಂಬರ್‌ಗಿಂತ ಕಡಿಮೆಯಾಗಿತ್ತು, ವಿಕ್ಸ್ ಅಳೆಯುವುದು ಆ ಹೊಯ್ದಾಟದ ನಿರೀಕ್ಷೆಯನ್ನೇ ಹೊರತು ಬೆಲೆಯ ಮಟ್ಟವನ್ನಲ್ಲ. ಇನ್ನು 2022ರಲ್ಲಿ ಇದರ ಮತ್ತೊಂದು ಮುಖ ಕಂಡಿತು: ಜನವರಿಯ ಶಿಖರದಿಂದ ಅಕ್ಟೋಬರ್‌ವರೆಗೆ ಸೂಚ್ಯಂಕ ಸುಮಾರು ಶೇ 25ರಷ್ಟು ಇಳಿಯಿತು, ಆದರೆ ವಿಕ್ಸ್ ಇಡೀ ವರ್ಷದಲ್ಲಿ ಒಮ್ಮೆಯೂ 40ನ್ನು ಮುಟ್ಟಲಿಲ್ಲ. ಇಳಿತ ಮೆಟ್ಟಿಲು ಮೆಟ್ಟಿಲಾಗಿ ಬಂದರೆ ಈ ಅಳತೆ ಕೂಗುವುದೇ ಇಲ್ಲ.

ಪಿಸಿಆರ್ ವಿಷಯದಲ್ಲಿ ನನ್ನ ಅಭಿಪ್ರಾಯ ಇನ್ನೂ ಕಟುವಾಗಿದೆ. ನಡೆದ ಪುಟ್‌ಗಳ ಸಂಖ್ಯೆಯನ್ನು ಕಾಲ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಈ ಅನುಪಾತ ಬರುತ್ತದೆ: 1,200 ಪುಟ್, 1,000 ಕಾಲ್ ನಡೆದರೆ 1.2. ಆದರೆ ಆ 1,200 ಪುಟ್‌ಗಳಲ್ಲಿ ಪ್ರತಿಯೊಂದಕ್ಕೂ ಒಬ್ಬ ಕೊಂಡವನಿದ್ದಾನೆ, ಒಬ್ಬ ಮಾರಿದವನಿದ್ದಾನೆ. ಯಾರ ಆತುರದಿಂದ ವ್ಯವಹಾರ ನಡೆಯಿತು ಎಂಬುದನ್ನು ಅನುಪಾತ ಹೇಳುವುದಿಲ್ಲ. ಕುಸಿತಕ್ಕೆ ಹೆದರಿ ಪುಟ್ ಕೊಂಡರೂ ಪಿಸಿಆರ್ ಏರುತ್ತದೆ, ಮಾರುಕಟ್ಟೆ ಇನ್ನು ಬೀಳದು ಎಂಬ ಧೈರ್ಯದಿಂದ ಪ್ರೀಮಿಯಂ ಆಸೆಗೆ ಪುಟ್ ಬರೆದರೂ, ಅಂದರೆ ಮಾರಿದರೂ, ಏರುತ್ತದೆ. ದೊಡ್ಡ ನಿಧಿಗಳು ಷೇರುಗಳನ್ನು ಇಟ್ಟುಕೊಂಡೇ ರಕ್ಷಣೆಗೆಂದು ಸೂಚ್ಯಂಕದ ಪುಟ್ ಕೊಳ್ಳುತ್ತವೆ. ಆದ್ದರಿಂದ ಸೂಚ್ಯಂಕ ಆಪ್ಷನ್‌ಗಳ ಪಿಸಿಆರ್ ಶಾಂತ ದಿನಗಳಲ್ಲಿಯೂ 1ಕ್ಕಿಂತ ಮೇಲಿರುವುದು ಸಾಮಾನ್ಯ, ಬಿಡಿ ಷೇರುಗಳ ಆಪ್ಷನ್‌ಗಳಲ್ಲಿ ಅದು 1ಕ್ಕಿಂತ ಸಾಕಷ್ಟು ಕೆಳಗಿರುತ್ತದೆ. ಯಾವ ಪಿಸಿಆರ್ ಎಂದು ಹೇಳದೆ 1.2 ಎಂದರೆ ಅದಕ್ಕೆ ಅರ್ಥವೇ ಇಲ್ಲ. ಇನ್ನೊಂದು ಮೋಸ ಛೇದದಲ್ಲಿದೆ: ಕುಸಿತದ ನಂತರ ಕಾಲ್ ಕೊಳ್ಳುವವರೇ ಇಲ್ಲವಾಗಿ 1,000 ಇದ್ದದ್ದು 700ಕ್ಕೆ ಇಳಿದರೆ, ಪುಟ್ 840ಕ್ಕೆ ಇಳಿದಿದ್ದರೂ ಅನುಪಾತ 1.2 ಆಗಿಯೇ ಉಳಿಯುತ್ತದೆ. ಒಂದು ಗಾಬರಿಯ ಸಂತೆ, ಇನ್ನೊಂದು ಖಾಲಿ ಸಂತೆ, ಪರದೆಯ ಮೇಲೆ ಎರಡೂ ಒಂದೇ.

ಆತುರ ಪುಟ್ ಕೊಳ್ಳುವವರದೋ ಬರೆಯುವವರದೋ ಎಂಬುದನ್ನು ಬಿಡಿಸಿ ನೋಡಲು ನನಗೆ ನಂಬಿಕೆಯಿರುವ ಒಂದು ದಾರಿ ಇದೆ. ಓಪನ್ ಇಂಟರೆಸ್ಟ್ ಅನ್ನು, ಅಂದರೆ ಇನ್ನೂ ಮುಚ್ಚದೆ ಉಳಿದಿರುವ ಕರಾರುಗಳ ಸಂಖ್ಯೆಯನ್ನು, ಅನುಪಾತವಾಗಿ ಅಲ್ಲದೆ ಪುಟ್‌ಗಳಿಗೆ ಪ್ರತ್ಯೇಕವಾಗಿ ನೋಡಿ, ಪಕ್ಕದಲ್ಲಿಯೇ ಅವುಗಳ ಐವಿಯನ್ನು ನೋಡಿ. ಪುಟ್‌ಗಳ ಓಪನ್ ಇಂಟರೆಸ್ಟ್ ಏರುತ್ತಾ ಐವಿಯೂ ಏರುತ್ತಿದ್ದರೆ ಕೊಳ್ಳುವವರ ಒತ್ತಡ ಹೆಚ್ಚಿದೆ, ಅದು ರಕ್ಷಣೆಯ ಬೇಡಿಕೆ. ಓಪನ್ ಇಂಟರೆಸ್ಟ್ ಏರುತ್ತಾ ಐವಿ ಇಳಿಯುತ್ತಿದ್ದರೆ ಬರೆಯುವವರು ಮುಂದೆ ಬಂದಿದ್ದಾರೆ. ಎರಡೂ ಸಂದರ್ಭದಲ್ಲಿ ಪಿಸಿಆರ್ ಮೇಲಕ್ಕೇ ಹೋಗುತ್ತದೆ, ಆದರೆ ಮನಸ್ಥಿತಿ ಪೂರ್ಣ ತದ್ವಿರುದ್ಧ. ಇದೂ ಖಚಿತವಾದ ಪರೀಕ್ಷೆಯಲ್ಲ. ಆ ದಿನ ಸೂಚ್ಯಂಕ ಜೋರಾಗಿ ಏರಿದ್ದರೆ ಐವಿ ಅದರಿಂದಲೂ ಇಳಿಯುತ್ತದೆ, ಹಾಗಾಗಿ ಸೂಚ್ಯಂಕ ಹೆಚ್ಚು ಕದಲದ ದಿನಗಳಲ್ಲಿ ಈ ಓದು ಹೆಚ್ಚು ಸ್ವಚ್ಛವಾಗಿರುತ್ತದೆ.

ಹೀಗಾಗಿ ಎರಡರಲ್ಲಿ ಯಾವುದನ್ನು ನಂಬಬೇಕು ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಪಿಸಿಆರ್ ಅನ್ನು ನಾನು ನಿರ್ಧಾರಕ್ಕೆ ಬಳಸುವುದಿಲ್ಲ. ವಿಕ್ಸ್ ಅನ್ನು ಬಳಸುತ್ತೇನೆ, ಆದರೆ ಯಾವಾಗ ಕೊಳ್ಳಬೇಕೆಂದು ತಿಳಿಯಲು ಅಲ್ಲ, ಏನನ್ನು ಕೊಳ್ಳಬೇಕೆಂದು ತಿಳಿಯಲು. ಸೂಚ್ಯಂಕ ಏರುತ್ತದೆ ಎಂಬ ನಿಮ್ಮ ನಂಬಿಕೆಗೆ ಬೇರೆ ಆಧಾರಗಳಿದ್ದರೆ, ವಿಕ್ಸ್ ಇಷ್ಟು ಮೇಲಿರುವಾಗ ಬರಿ ಕಾಲ್ ಕೊಳ್ಳಬೇಡಿ. ಸೂಚ್ಯಂಕದ ನಿಧಿಯನ್ನೇ ಕಂತುಗಳಲ್ಲಿ ಕೊಳ್ಳಿ, ಅದಕ್ಕೆ ಐವಿಯ ಹಂಗಿಲ್ಲ, ಎಕ್ಸ್‌ಪೈರಿಯೂ ಇಲ್ಲ. ಆಪ್ಷನ್ನೇ ಬೇಕೆಂದರೆ ಮೇಲಿನ ಸ್ಟ್ರೈಕ್‌ನ ಇನ್ನೊಂದು ಕಾಲ್ ಅನ್ನು ಜೊತೆಗೇ ಮಾರಿ. ನನ್ನ ಅದೇ ವ್ಯವಹಾರದಲ್ಲಿ 106ರ ಕಾಲ್ ಅನ್ನು ಶೇ 40ರ ಐವಿಯಲ್ಲಿಯೇ ಮಾರಿದ್ದರೆ 2.3 ಕೈಗೆ ಬರುತ್ತಿತ್ತು, ಒಟ್ಟು ಖರ್ಚು 4.6ರ ಬದಲು 2.3 ಆಗುತ್ತಿತ್ತು. ಹತ್ತು ದಿನಗಳ ನಂತರ, ಸೂಚ್ಯಂಕ 102 ಮತ್ತು ಐವಿ ಶೇ 24 ಆದಾಗ, ಕೊಂಡ ಕಾಲ್ 3.4ಕ್ಕೆ ಇಳಿದರೆ ಮಾರಿದ ಕಾಲ್ 0.9ಕ್ಕೆ ಇಳಿದಿರುತ್ತಿತ್ತು. ಜೋಡಿಯ ಬೆಲೆ 2.5ರ ಆಸುಪಾಸು, ಅಂದರೆ ಕಾಲು ಭಾಗದ ನಷ್ಟದ ಜಾಗದಲ್ಲಿ ಶೇ 10ರ ಸುತ್ತಮುತ್ತಲಿನ ಲಾಭ. ಸೂಚ್ಯಂಕ 106 ದಾಟಿ ಓಡಿದರೆ ಅದಕ್ಕಿಂತ ಮೇಲಿನದು ನಿಮಗೆ ಸಿಗುವುದಿಲ್ಲ. ಸೂಚ್ಯಂಕ ಬಿದ್ದರೆ ಕೊಟ್ಟ 2.3 ಪೂರ್ತಿ ಹೋಗಬಹುದು, ಆದರೆ ಅದಕ್ಕಿಂತ ಹೆಚ್ಚು ಹೋಗುವುದಿಲ್ಲ.